ಪರದೆ ತೊಳೆಯುವ ಮುಂಚೆ ಅಳತೆ ಟೇಪು

ನೆಲ ಮುಟ್ಟುವ ಹತ್ತಿಯ ಪರದೆಯನ್ನು ಮನೆಯಲ್ಲೇ ತೊಳೆಯಬೇಕೆಂದಾಗ ನಾನು ಮೊದಲು ಹುಡುಕಿದ್ದು ಹೊಲಿಸಿದಾಗ ಉಳಿದಿದ್ದ ತುಂಡುಗಳನ್ನು. ಮೇಲಿನ ಬಟ್ಟೆಯದೊಂದು, ಹಿಂದಿನ ಅಸ್ತರಿನದೊಂದು. ಎರಡರ ಮೇಲೂ 25 ಸೆಂ.ಮೀ. ಅಳತೆಯ ಚೌಕ ಗುರುತು ಮಾಡಿದೆ. ಪೆನ್ನಿನ ಗೆರೆ ನೀರಿಗೆ ಹರಡುತ್ತದೆ, ಹಾಗಾಗಿ ಮೂಲೆಗೊಂದು ಬಣ್ಣದ ದಾರದ ಹೊಲಿಗೆ. ಯಾವ ಕಡೆ ಹಾಸು ಅಂದರೆ ಉದ್ದದ ನೂಲು, ಯಾವ ಕಡೆ ಹೊಕ್ಕು ಅಂದರೆ ಅಡ್ಡ ನೂಲು ಎಂಬುದಕ್ಕೂ ಒಂದು ಗುರುತು ಬೇಕು. ಮಗ್ಗದಲ್ಲಿ ಬಿಗಿಯಾಗಿ ಎಳೆದು ಕಟ್ಟುವುದು ಹಾಸಿನ ನೂಲನ್ನು. ನೀರು ಕುಡಿದಾಗ ಆ ಬಿಗಿ ಸಡಿಲವಾಗಿ ಬಟ್ಟೆ ಸಾಮಾನ್ಯವಾಗಿ ಆ ಕಡೆಗೇ ಹೆಚ್ಚು ಕುಗ್ಗುತ್ತದೆ. ಪರದೆಯಲ್ಲಿ ಹಾಸು ಹೆಚ್ಚಾಗಿ ಮೇಲಿಂದ ಕೆಳಕ್ಕೆ ಬರುವುದರಿಂದ ಪೆಟ್ಟು ಬೀಳುವುದು ಉದ್ದಕ್ಕೆ.

ತುಂಡುಗಳನ್ನು ಪರದೆಗೆ ಬಳಸಬೇಕೆಂದಿದ್ದ ತಣ್ಣೀರು, ಅದೇ ಸೋಪಿನ ಪುಡಿಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎಳೆಯದೆ ಇಸ್ತ್ರಿ ಒತ್ತಿ ಅಳೆದೆ. ಮೇಲಿನ ಬಟ್ಟೆಯ ಹಾಸು 24.2ಕ್ಕೆ ಬಂದಿತ್ತು, ಅಸ್ತರು 24.8ಕ್ಕೆ. ಕೈಯಲ್ಲಿರುವ ತುಂಡಿನಲ್ಲಿ ಇದು ಏನೂ ಅಲ್ಲ ಅನ್ನಿಸುತ್ತದೆ. 210 ಸೆಂ.ಮೀ. ಪರದೆಗೆ ಲೆಕ್ಕ ಹಾಕಿದರೆ ಮೇಲಿನ ಬಟ್ಟೆ ಸುಮಾರು 6.7 ಸೆಂ.ಮೀ. ಗಿಡ್ಡವಾಗುತ್ತದೆ, ಅಸ್ತರು ಬರೀ 1.7. ಅಂದರೆ ಅಸ್ತರು 5 ಸೆಂ.ಮೀ. ಮಿಕ್ಕಿ ಕೆಳಗೆ ಇಣುಕುತ್ತದೆ, ಇಲ್ಲವೇ ಎರಡೂ ಹೊಲಿದ ಕಡೆ ಪರದೆ ಚೀಲದಂತೆ ಉಬ್ಬಿಕೊಳ್ಳುತ್ತದೆ. ನನ್ನ ಪ್ರಕಾರ ಪರದೆ ಕುಗ್ಗುವುದಕ್ಕಿಂತ ಎರಡು ಬಟ್ಟೆ ಬೇರೆಬೇರೆ ಲೆಕ್ಕದಲ್ಲಿ ಕುಗ್ಗುವುದೇ ದೊಡ್ಡ ತಲೆನೋವು.

ಇದಕ್ಕೆ ನಾನು ಮಾಡಿದ್ದು ಇಷ್ಟೇ: ಕೆಳ ಅಂಚಿನ ಮಡಿಕೆ ಬಿಚ್ಚಿದೆ, ಅಸ್ತರನ್ನು ಪಕ್ಕದ ಅಂಚಿಗೆ ಸೇರಿಸಿದ್ದ ಹೊಲಿಗೆಯನ್ನೂ ಬಿಚ್ಚಿ ಮೇಲ್ಪಟ್ಟಿಯಲ್ಲಿ ಮಾತ್ರ ಉಳಿಸಿದೆ. ಮಡಿಕೆಯೊಳಗೆ ತೂಕಕ್ಕೆ ಹಾಕಿದ್ದ ಲೋಹದ ಬಿಲ್ಲೆಗಳೂ ಆಗಲೇ ಹೊರಬಂದವು. ಅಂಚಿನಲ್ಲಿ ಎರಡು ಸುತ್ತು ಮಡಿಕೆ ಇದ್ದದ್ದರಿಂದ ಇಳಿಸಿಕೊಳ್ಳಲು ಬಟ್ಟೆ ಇತ್ತು. ಮಡಿಕೆಯಲ್ಲಿ ಅಷ್ಟು ಬಟ್ಟೆ ಇಲ್ಲದಿದ್ದರೆ ಆ ಪರದೆಯನ್ನು ನಾನು ನೀರಿಗೆ ಹಾಕುತ್ತಿರಲಿಲ್ಲ, ಡ್ರೈ ಕ್ಲೀನಿಂಗ್‌ಗೆ ಕೊಡುತ್ತಿದ್ದೆ.

ಆಮೇಲೆ ಹುಕ್ಕು. ತೆಗೆಯುವ ಮುಂಚೆ ಮೇಲ್ಪಟ್ಟಿಯ ಫೋಟೊ ತೆಗೆದುಕೊಂಡು, ಎಷ್ಟು ಜೇಬು ಬಿಟ್ಟು ಒಂದು ಹುಕ್ಕು ಇದೆಯೆಂದು ಎಣಿಸಿ ಬರೆದಿಟ್ಟೆ. ಪ್ಲಾಸ್ಟಿಕ್ ಹುಕ್ಕನ್ನು ಜೇಬಿನಿಂದ ತಿರುಗಿಸಿ ಹೊರತೆಗೆಯಬೇಕು, ನೇರವಾಗಿ ಎಳೆದರೆ ಜೇಬಿನ ದಾರ ಕಿತ್ತು ಬರುತ್ತದೆ. ಲೋಹದ ಹುಕ್ಕು ಒಂದೂ ಉಳಿಯದಂತೆ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿ ನೋಡಿ. ಒದ್ದೆ ಬಟ್ಟೆಯಲ್ಲಿ ಉಳಿದ ಹುಕ್ಕಿನ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ನಿರಿಗೆ ಹಿಡಿದಿರುವ ಲಾಡಿಯನ್ನೂ ಸಡಿಲಿಸಿ ಪಟ್ಟಿಯನ್ನು ಚಪ್ಪಟೆ ಮಾಡಬೇಕು, ಆದರೆ ತುದಿಗಳಿಗೆ ದಪ್ಪ ಗಂಟು ಹಾಕಿಯೇ. ತುದಿ ಒಳಗೆ ಜಾರಿಕೊಂಡರೆ ಅದನ್ನು ಹೊರಗೆಳೆಯಲು ಪಿನ್ನು ಹಿಡಿದು ಕೂರಬೇಕಾಗುತ್ತದೆ.

ಬಟ್ಟೆಗೇ ಒತ್ತಿ ಕೂರಿಸಿದ ಲೋಹದ ರಿಂಗುಗಳು ಇನ್ನೊಂದು ಪರದೆಯಲ್ಲಿದ್ದವು. ಅವನ್ನು ಬಿಚ್ಚಲು ಹೋದರೆ ತೂತಿನ ಅಂಚು ಹರಿಯುತ್ತದೆ. ಮೇಲ್ಪಟ್ಟಿಯನ್ನು ಒಟ್ಟಿಗೆ ಮಡಿಸಿ ದಿಂಬಿನ ಕವರಿನೊಳಗೆ ತೂರಿಸಿ, ಬಾಯಿ ಕಟ್ಟಿ, ಕೈಯಲ್ಲೇ ತೊಳೆದೆ. ಎರಡು ಭಾಗವಾಗಿ ಕಟಕ್ಕನೆ ಬಿಡುವ ಪ್ಲಾಸ್ಟಿಕ್ ರಿಂಗಾದರೆ ಹಿಂಬದಿಯ ಸಂದಿಗೆ ಮೊಂಡು ಚಾಕು ಇಟ್ಟು ತೆಗೆಯಬಹುದು.

ತೊಳೆಯುವುದರಲ್ಲಿ ಹೇಳುವಂಥದ್ದು ಕಡಿಮೆ. ಮೊದಲು ಧೂಳು ಕೊಡವಿ, ತಣ್ಣೀರಲ್ಲಿ ಸ್ವಲ್ಪ ನೆನೆಸಿ ಮೊದಲ ಕೊಳೆನೀರು ಚೆಲ್ಲಿಬಿಡಿ. ಹಿಂಡಿ ತಿರುಚಬೇಡಿ.

ಸೋಫಾ ಕವರಿನಲ್ಲಿ ಇಳಿಸಿಕೊಳ್ಳಲು ಮಡಿಕೆ ಇರುವುದಿಲ್ಲ. 60 ಸೆಂ.ಮೀ. ಮೆತ್ತೆಯ ಕವರು 3 ಶೇಕಡ ಕುಗ್ಗಿದರೆ 1.8 ಸೆಂ.ಮೀ. ಹೋಯಿತು, ಜಿಪ್ಪು ಮುಚ್ಚುವುದಿಲ್ಲ. ಉಳಿದ ತುಂಡು ಇಲ್ಲದ್ದರಿಂದ ಕೈಯಾಸರೆಯ ಸಣ್ಣ ಕವರನ್ನೇ ಮೊದಲು ತೊಳೆದು, ತೊಳೆಯುವ ಮುಂಚೆಯೂ ತೊಳೆದ ಮೇಲೂ ಅಳೆದು, ಆಮೇಲೆ ಮಿಕ್ಕವಕ್ಕೆ ಕೈ ಹಾಕಿದೆ. ಜಿಪ್ಪು ಮುಚ್ಚಿ, ಒಳಮೈ ಹೊರಗೆ ಮಾಡಿ ತೊಳೆದು, ಕೈಗೆ ತೇವ ಗೊತ್ತಾಗುವುದೋ ಇಲ್ಲವೋ ಎಂಬಷ್ಟು ಒಣಗಿದಾಗ ಮೆತ್ತೆಗೆ ಏರಿಸಿದೆ. ಆ ಹದದಲ್ಲಿ ಹತ್ತಿ ತುಸು ಎಳೆತಕ್ಕೆ ಬಗ್ಗುತ್ತದೆ. ಅದಕ್ಕಿಂತ ಹಸಿ ಇದ್ದರೆ ಸ್ಪಂಜು ತೇವ ಹಿಡಿದು ಮುಗ್ಗಲು ವಾಸನೆ ಬರುತ್ತದೆ.

ಪರದೆಯ ಕೆಳ ಅಂಚನ್ನು ಮಾತ್ರ ಒಣಗಿದ ಕೂಡಲೇ ಹೊಲಿಯಲಿಲ್ಲ. ಹುಕ್ಕು ಹಾಕಿ ನೇತುಹಾಕಿ, ಒಂದೆರಡು ದಿನ ತನ್ನ ತೂಕಕ್ಕೆ ಇಳಿಯಲು ಬಿಟ್ಟು, ಅಲ್ಲೇ ನೇತಾಡುತ್ತಿದ್ದಂತೆಯೇ ನೆಲದಿಂದ ಅಳೆದು ಪಿನ್ನು ಚುಚ್ಚಿ, ಅಸ್ತರನ್ನು ಮೇಲಿನ ಬಟ್ಟೆಗಿಂತ 2 ಸೆಂ.ಮೀ. ಗಿಡ್ಡವಾಗಿ ಮಡಿಸಿ ಹೊಲಿದೆ.