ಹುಳ ತಿಂದ ದಾರಿ ಹಿಡಿದು ಓಲೆಗರಿ ಕಟ್ಟಿನ ಬೆಲೆ ಕಟ್ಟಿದ್ದು

ಯಲಬುರ್ಗಾ ಸೀಮೆಯ ಒಂದು ಮನೆಯಲ್ಲಿ ಎರಡು ಓಲೆಗರಿ ಕಟ್ಟುಗಳಿದ್ದವು. ಒಂದು ಚೊಕ್ಕಟವಾಗಿತ್ತು: ಬಂಗಾರದ ಬಣ್ಣದ ಗರಿ, ಮೇಲೆ ಕೆಳಗೆ ಹಲಗೆ, ದುಂಡನೆಯ ಅಕ್ಷರ. ಇನ್ನೊಂದು ಅಡಿಗೆಮನೆಯ ಅಟ್ಟದಲ್ಲಿ ಹೊಗೆ ಕುಡಿದು ಇದ್ದಿಲಿನಂತಾಗಿತ್ತು, ಸಾಲದ್ದಕ್ಕೆ ಹುಳ ತೂತು ಮಾಡಿತ್ತು. ನೋಡಲು ಬಂದಿದ್ದ ವ್ಯಾಪಾರಿ ಚೊಕ್ಕಟದ್ದಕ್ಕೆ ನಲವತ್ತು ಸಾವಿರ, ಕರಿಯದಕ್ಕೆ ಎರಡು ಸಾವಿರ ಅಂದು ಹೋಗಿದ್ದ. ಮನೆಯ ಯಜಮಾನರದು ಬೇರೆಯೇ ಲೆಕ್ಕ: "ಕರ್ರಗ ಐತಿ ಅಂದಮ್ಯಾಗ ಎಂಟನೂರು ವರ್ಷದ್ದರ ಇರಬೇಕಲ್ರಿ ಸರ?" ವ್ಯಾಪಾರಿ ಹೇಳಿದ್ದೂ ಸರಿಯಲ್ಲ, ಯಜಮಾನರು ಹೇಳಿದ್ದೂ ಸರಿಯಲ್ಲ ಎಂದು ನಾನು ಹೇಳಿದಾಗ ಇಬ್ಬರೂ ನಂಬಲಿಲ್ಲ. ಹುಳದ ತೂತು ನೋಡಿ ವಯಸ್ಸು, ಬೆಲೆ ಹೇಳುತ್ತಾನಂತೆ ಎಂದು ನಮ್ಮ ಹಸ್ತಪ್ರತಿ ಬಳಗದವರೂ ಮೂಗು ಮುರಿದರು. ಈಗ ಆ ಕರಿಯ ಕಟ್ಟಿನ ಒಂದು ಭಾಗವೇ ಲಕ್ಷದ ಹತ್ತಿರ ಹೋಗಿದೆ. ಹೇಗೆ ಮಾಡಿದೆ ಎಂದು ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಬಣ್ಣದ ವಿಷಯ ಮುಗಿಸಿಬಿಡುತ್ತೇನೆ. ಕಪ್ಪಾದರೆ ಹಳತು ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ಇದನ್ನು ಪರೀಕ್ಷಿಸಲು ಹೊಸ ಖಾಲಿ ಗರಿಗಳ ಒಂದು ಸಣ್ಣ ಕಟ್ಟನ್ನು ನಮ್ಮ ಅಕ್ಕನ ಮನೆಯ ಕಟ್ಟಿಗೆ ಒಲೆಯ ಮೇಲೆ ತೂಗುಹಾಕಿಸಿದೆ. ಮೂರ್ನಾಲ್ಕು ತಿಂಗಳಿಗೆ ಹೊರಗರಿಗಳು ಇನ್ನೂರು ವರ್ಷದ ಗರಿಯಷ್ಟೇ ಕಪ್ಪಾದವು. ಆದರೆ ಒಳಗರಿ ಬಿಡಿಸಿದರೆ ಅಂಚಿನ ಒಂದು ಬೆರಳಗಲ ಮಾತ್ರ ಕಂದು, ನಡುವೆ ಹಸನಾದ ಹಳದಿ. ಹೊಗೆ ಒತ್ತಿದ ಗರಿಗಳ ನಡುವಿಗೆ ಸುಲಭವಾಗಿ ಇಳಿಯುವುದಿಲ್ಲ. ಚಹಾದ ನೀರೋ ಹುಣಸೆಯ ನೀರೋ ಕುಡಿಸಿ ಹಳತು ಮಾಡಿದ ಗರಿಯಲ್ಲಿ ಅಂಚಿಗೂ ನಡುವಿಗೂ ಈ ವ್ಯತ್ಯಾಸ ಇರುವುದಿಲ್ಲ. ದಾರದ ರಂಧ್ರದ ಒಳಗೋಡೆಗೂ ಬಣ್ಣ ಒಂದೇ ಸಮ ಹತ್ತಿರುತ್ತದೆ. ಹಾಗಾಗಿ ಕಪ್ಪು ಎಷ್ಟಿದೆ ಎಂದು ನೋಡುವುದನ್ನು ಬಿಟ್ಟು ಎಲ್ಲಿಯವರೆಗೆ ಹೋಗಿದೆ ಎಂದು ನೋಡುತ್ತೇನೆ. ಅದರಿಂದ ತಿಳಿಯುವುದು ಕಟ್ಟು ಎಲ್ಲಿತ್ತು ಎಂಬುದಷ್ಟೆ, ವಯಸ್ಸಲ್ಲ.

ಕಾರ್ಬನ್ ಪರೀಕ್ಷೆ ಮಾಡಿಸಬಾರದೇ ಎನ್ನುವವರಿಗೂ ಒಂದು ಮಾತು. 1650ರಿಂದ ಈಚಿನ ವಸ್ತುಗಳಿಗೆ ಆ ಪರೀಕ್ಷೆಯಲ್ಲಿ ಒಂದೇ ಫಲಿತಾಂಶಕ್ಕೆ ಎರಡು ಮೂರು ಕಾಲಗಳು ಹೊಂದಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಸಿಗುವ ಕಟ್ಟುಗಳಲ್ಲಿ ಹೆಚ್ಚಿನವು ಆ ಅವಧಿಯವೇ. ಗರಿಯ ತುಂಡೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಇನ್ನು ಕರಿಯ ಕಟ್ಟು. ಅಂದಾಜು ನೂರಾ ನಲವತ್ತು ಗರಿ. ಓದಲು ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಫ್ಲ್ಯಾಷ್ ಹಾಕಿ ತೆಗೆದ ಫೋಟೋ ಬರೀ ಹೊಳಪು. ಸ್ಕ್ಯಾನರಿನಲ್ಲಿ ಖಾಲಿ ಗರಿಗಳನ್ನಿಟ್ಟು ನೋಡಿದಾಗ ಮುಚ್ಚಳದ ಒತ್ತಡಕ್ಕೆ ಎರಡು ಗರಿ ಉದ್ದಕ್ಕೆ ಸೀಳಿದವು. ಆ ದಾರಿಯನ್ನು ಅಲ್ಲಿಗೇ ಕೈಬಿಟ್ಟೆ. ಕೊನೆಗೆ ಕೆಲಸಕ್ಕೆ ಬಂದದ್ದು ಇನ್ನೂರೈವತ್ತು ರೂಪಾಯಿಯ ಒಂದು ಟಾರ್ಚು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಗರಿಯ ಮಟ್ಟಕ್ಕೇ ಹಿಡಿದು ಬದಿಯಿಂದ ಬೆಳಕು ಹಾಯಿಸಿದರೆ ಕಂಠ ಎಂಬ ಬರೆಯುವ ಲೋಹದ ಮೊನೆಯಿಂದ ಕೊರೆದ ಗೀರುಗಳಲ್ಲಿ ನೆರಳು ಬಿದ್ದು ಅಕ್ಷರ ಏಳುತ್ತದೆ. ಗರಿಯ ನಾರು ಉದ್ದಕ್ಕೆ ಓಡುವುದರಿಂದ ಬೆಳಕನ್ನು ಎಡದಿಂದ ಒಮ್ಮೆ, ಮೇಲಿನ ಅಂಚಿನಿಂದ ಒಮ್ಮೆ ಹಾಯಿಸಿ ಎರಡು ಫೋಟೋ ತೆಗೆಯಬೇಕು. ಒಂದರಲ್ಲಿ ತಪ್ಪಿದ ಒತ್ತು, ಸೊನ್ನೆ ಇನ್ನೊಂದರಲ್ಲಿ ಸಿಗುತ್ತದೆ. ಸೆಕೆಂಡ್‌ಹ್ಯಾಂಡ್ ಮ್ಯಾಕ್ರೋ ಲೆನ್ಸಿಗೆ ಒಂಬತ್ತು ಸಾವಿರದಷ್ಟು ಹೋಯಿತು. ಇಡೀ ಕೆಲಸದ ದೊಡ್ಡ ಖರ್ಚು ಅದೇ. ಅಂಟಿಕೊಂಡ ಗರಿಗಳನ್ನು ಬಿಡಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ನಿಂತು ಕೈಹಿಡಿದು ತೋರಿಸದೆ ಅದು ಬರುವುದಿಲ್ಲ, ಬರೆದದ್ದನ್ನು ಓದಿ ಮಾಡಿದರೆ ಗರಿ ಹಾಳಾಗುತ್ತದೆ.

ಮೇಲಿನ ಗರಿಗಳಲ್ಲಿ ಕಂಡದ್ದು ಲಕ್ಷ್ಮೀಶನ ಜೈಮಿನಿ ಭಾರತದ ಚದುರಿದ ಪದ್ಯಗಳು. ಚೊಕ್ಕಟದ ಕಟ್ಟೂ ಅದೇ ಕಾವ್ಯ. ಕೆಳಗಿನ ಗರಿಗಳಲ್ಲಿ ಗದ್ಯ, ದನದ ರೋಗಕ್ಕೆ ಮದ್ದು. ಅಂಚಿನ ಗರಿಸಂಖ್ಯೆ ಬಹಳ ಕಡೆ ಮುರಿದುಹೋಗಿತ್ತು, ಕೈಬರಹವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿತ್ತು. ಒಬ್ಬನೇ ಬರೆದ ಒಂದೇ ಕಟ್ಟೇ ಅಥವಾ ಯಾರೋ ಎರಡನ್ನು ಸೇರಿಸಿ ಕಟ್ಟಿದ್ದೇ? ವಯಸ್ಸು, ಬೆಲೆ ಎರಡೂ ಈ ಪ್ರಶ್ನೆಯ ಮೇಲೆ ನಿಂತಿದ್ದವು. ಯಾಕೆಂದರೆ ಕೊನೆಯ ಗರಿಯಲ್ಲಿ ಕಾಲ ಬರೆದಿತ್ತು, ಆ ಕಾಲ ಯಾವ ಭಾಗಕ್ಕೆ ಸೇರಿದ್ದು ಎಂದು ಗೊತ್ತಾಗಬೇಕಿತ್ತು.

ಇಲ್ಲಿ ಹುಳ ಕೈಹಿಡಿಯಿತು. ಓಲೆಗರಿ ಕೊರೆಯುವ ಹುಳ ಒಂದು ಗರಿಯನ್ನು ತಿಂದು ನಿಲ್ಲುವುದಿಲ್ಲ, ಕಟ್ಟಿನ ಆಳಕ್ಕೆ ಸುರಂಗ ಹಾಕುತ್ತ ಹೋಗುತ್ತದೆ. ಹಾಗಾಗಿ ಅಕ್ಕಪಕ್ಕದ ಗರಿಗಳಲ್ಲಿ ತೂತು ಸುಮಾರು ಅದೇ ಜಾಗದಲ್ಲಿದ್ದು ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ನಾನು ಪಾರದರ್ಶಕ ಹಾಳೆಗಳನ್ನು ಗರಿಯ ಅಳತೆಗೆ ಕತ್ತರಿಸಿ, ದಾರದ ಎರಡು ರಂಧ್ರಗಳನ್ನು ಗುರುತಾಗಿ ಇಟ್ಟುಕೊಂಡು, ಪ್ರತಿ ಗರಿಯ ತೂತುಗಳನ್ನು ಮಾರ್ಕರಿನಿಂದ ತೆಗೆದೆ. ನಂತರ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಹುಳ ನಡೆದ ದಾರಿ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಸ್ಥಾನ ತಪ್ಪಿದ ಗರಿ ಆ ದಾರಿಯಲ್ಲಿ ಹೊಂದುವುದಿಲ್ಲ. ಎಲ್ಲಿ ಹೊಂದುತ್ತದೋ ಅದು ಅದರ ಹಳೆಯ ಜಾಗ.

ಐವತ್ತೈದನೆಯ ಗರಿಯ ಸುಮಾರಿಗೆ ದಾರಿಗಳು ಒಮ್ಮೆಲೇ ಕಡಿದುಹೋದವು. ಮೇಲಿನ ಭಾಗದ ನಾಲ್ಕೈದು ಸುರಂಗಗಳು ಅಲ್ಲಿಗೇ ಮುಗಿದವು, ಕೆಳಗಿನ ಭಾಗದಲ್ಲಿ ಬೇರೆ ಜಾಗದಲ್ಲಿ ಬೇರೆ ಸುರಂಗಗಳು ಶುರು. ಎರಡನ್ನೂ ದಾಟಿದ್ದು ಒಂದೇ ಒಂದು ತೂತು. ಅಂದರೆ ಎರಡು ಕಟ್ಟುಗಳು ಬೇರೆ ಬೇರೆಯಾಗಿದ್ದಾಗಲೇ ಹುಳ ತಿಂದಿವೆ, ಒಂದಾದ ಮೇಲೆ ಮತ್ತೊಂದು ಹುಳ ಬಂದಿದೆ. ರಂಧ್ರಗಳೂ ಇದನ್ನೇ ಹೇಳಿದವು. ಮೇಲಿನ ಗರಿಗಳಲ್ಲಿ ಹಳೆಯ ರಂಧ್ರದ ಪಕ್ಕ ಅರ್ಧ ಬೆರಳು ಬಿಟ್ಟು ಹೊಸದಾಗಿ ತೂತು ಹಾಕಿದ್ದರು, ಕೆಳಗಿನ ಕಟ್ಟಿನ ದಾರಕ್ಕೆ ಹೊಂದಲಿ ಎಂದು. ಹಳೆಯ ರಂಧ್ರ ದಾರದ ಎಳೆತಕ್ಕೆ ಉದ್ದವಾಗಿ ಸವೆದಿತ್ತು, ಹೊಸದು ಇನ್ನೂ ದುಂಡಗಿತ್ತು. ಕೆಳಗಿನ ವೈದ್ಯದ ಗರಿಗಳಲ್ಲಿ ಒಂದೇ ಜೊತೆ ರಂಧ್ರ, ಅವೂ ಚೆನ್ನಾಗಿ ಸವೆದಿದ್ದವು. ಅದನ್ನು ಜನ ಬಿಚ್ಚಿ ಓದಿ ಬಳಸಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊನೆಯ ಗರಿಯ ಕಾಲ ವೈದ್ಯದ ಭಾಗದ್ದೇ ಎಂದು ಹೀಗೆ ಖಾತ್ರಿಯಾಯಿತು. ಆದರೆ ಶಕವರ್ಷದ ಹತ್ತರ ಸ್ಥಾನದ ಅಂಕಿ ಇದ್ದ ಕಡೆಯೇ ಅಂಚು ಹಾರಿತ್ತು: ೧೭, ಆಮೇಲೆ ಖಾಲಿ, ಆಮೇಲೆ ೨. ಸಂವತ್ಸರ ಶಾರ್ವರಿ. ಅರವತ್ತು ವರ್ಷದ ಚಕ್ರದಲ್ಲಿ ಕೊನೆಯ ಅಂಕಿ ಬದಲಾಗುವುದಿಲ್ಲ, ಹಾಗಾಗಿ ಶಕ 1702 ಮತ್ತು 1762 ಎರಡೂ ಶಾರ್ವರಿಯೇ. 78 ಕೂಡಿಸಿದರೆ ಕ್ರಿ.ಶ. 1780 ಅಥವಾ 1840. ಸಂವತ್ಸರದಿಂದ ಇಷ್ಟರಲ್ಲೇ ನಿಲ್ಲಬೇಕಾಗುತ್ತದೆ. ಪುಣ್ಯಕ್ಕೆ ತಿಥಿ, ವಾರ ಉಳಿದಿದ್ದವು: ಶ್ರಾವಣ ಬಹುಳ ಪಂಚಮಿ, ಆದಿತ್ಯವಾರ. ಲೆಕ್ಕ ಹಾಕಿದರೆ 1780ರಲ್ಲಿ ಆ ತಿಥಿ ಆಗಸ್ಟ್ 20ಕ್ಕೆ, ಭಾನುವಾರಕ್ಕೇ ಬೀಳುತ್ತದೆ. 1840ರಲ್ಲಿ ಸೋಮವಾರ, ಮಂಗಳವಾರದ ಸುಮಾರಿಗೆ ಬರುತ್ತದೆ, ಭಾನುವಾರಕ್ಕೆ ಬರುವುದೇ ಇಲ್ಲ. ಹಾಗಾಗಿ 1780. ಯಜಮಾನರ ಎಂಟುನೂರು ವರ್ಷ ಇನ್ನೂರ ನಲವತ್ತಕ್ಕೆ ಇಳಿಯಿತು.

ಇಲ್ಲೊಂದು ಎಚ್ಚರ ಬೇಕು. ಪ್ರತಿಕಾರರು ಎಷ್ಟೋ ಸಲ ಮೂಲಪ್ರತಿಯ ಕಾಲವನ್ನೂ ಹಾಗೇ ನಕಲು ಮಾಡಿಬಿಡುತ್ತಾರೆ. ಈ ಗರಿಯಲ್ಲಿ ಬರೆದವನ ಹೆಸರು, ಊರು, ಯಾರಿಗಾಗಿ ಬರೆದದ್ದು ಎಲ್ಲ ಇತ್ತು, ಆ ಊರು ಮನೆಯಿಂದ ಐದಾರು ಮೈಲಿ ಅಷ್ಟೆ. ಹಾಗಾಗಿ ಈ ಪ್ರತಿಯದೇ ಕಾಲ ಎಂದು ಹಿಡಿದೆ.

ಹುಳದ ತೂತು ಕಳ್ಳಪ್ರತಿಯನ್ನೂ ಹಿಡಿದುಕೊಡುತ್ತದೆ. ರಾಯಚೂರಿನಲ್ಲಿ ಒಬ್ಬರು ಮಂತ್ರಶಾಸ್ತ್ರದ ಕಟ್ಟು ಎಂದು ಎಪ್ಪತ್ತು ಸಾವಿರ ಹೇಳಿ ತೋರಿಸಿದರು. ಗರಿ ನಿಜಕ್ಕೂ ಹಳತು. ಆದರೆ ಸಾಲುಗಳು ಹುಳದ ತೂತಿನ ಹತ್ತಿರ ಬಂದಾಗ ಬಳಸಿಕೊಂಡು ಹೋಗಿದ್ದವು. ಅಕ್ಷರದ ಮೈಯನ್ನು ಹುಳ ಕಡಿದಿದ್ದರೆ ಬರಹ ಮೊದಲು, ಹುಳ ಆಮೇಲೆ. ಅಕ್ಷರ ತೂತನ್ನು ತಪ್ಪಿಸಿಕೊಂಡಿದ್ದರೆ ಹುಳ ಮೊದಲು. ಭೂತಗನ್ನಡಿ ಹಿಡಿದರೆ ಗೀರಿನ ಅಂಚಿನಲ್ಲಿ ನಾರು ಎದ್ದು ಸಿಬಿರಾಗಿತ್ತು. ಹದ ಮಾಡಿದ ಹೊಸ ಗರಿಯಲ್ಲಿ ಕಂಠ ಓಡಿದರೆ ಗೀರು ನಯವಾಗಿರುತ್ತದೆ. ಒಣಗಿದ ಹಳೆ ಗರಿಯಲ್ಲಿ ಕೊರೆದರೆ ಮಾತ್ರ ಹಾಗೆ ಸಿಬಿರೇಳುವುದು. ಯಾವುದೋ ಹಳೆ ಕಟ್ಟಿನ ಕೊನೆಯ ಖಾಲಿ ಗರಿಗಳನ್ನು ಕೂಡಿಹಾಕಿ ಈಚೆಗೆ ಬರೆಸಿದ್ದು ಅದು.

ಇನ್ನು ಬೆಲೆ. ಜೈಮಿನಿ ಭಾರತದ ಓಲೆಪ್ರತಿಗಳು ನಾಡಿನ ತುಂಬ ಇವೆ, ಅಚ್ಚಾಗಿಯೂ ಬಹಳ ಕಾಲವಾಯಿತು. ಅದು ವಾರ್ಧಕ ಷಟ್ಪದಿ. ಹುಳ ನಾಲ್ಕು ಅಕ್ಷರ ತಿಂದರೂ ಮಾತ್ರೆ ಎಣಿಸಿ, ಪ್ರಾಸ ನೋಡಿ, ಬೇರೆ ಪ್ರತಿಗೆ ಹೋಲಿಸಿ ತುಂಬಬಹುದು. ಇಂಥ ಕಾವ್ಯದ ಪ್ರತಿಗೆ ಬೆಲೆ ಬರುವುದು ಕಾಲ ಹಾಕಿದ್ದರೆ, ಚಿತ್ರವಿದ್ದರೆ, ಇಲ್ಲವೇ ಪೂರ್ತಿಯಾಗಿ ಚೊಕ್ಕಟವಾಗಿದ್ದರೆ. ಆ ಮನೆಯ ಚೊಕ್ಕಟ ಕಟ್ಟಿನಲ್ಲಿ ಕೊನೆಯ ಗರಿಯೇ ಇರಲಿಲ್ಲ. ಹದಿನೈದು ಸಾವಿರಕ್ಕಿಂತ ಹೆಚ್ಚಿಗೆ ನಾನು ಹೇಳುತ್ತಿರಲಿಲ್ಲ.

ವೈದ್ಯದ ಭಾಗದ ಗತಿ ಇದಕ್ಕೆ ವಿರುದ್ಧ. ಗಂಟಲುಬೇನೆ, ಕಾಲುಬಾಯಿ ಜಾಡ್ಯದ ಮದ್ದುಗಳು, ನಮ್ಮ ಕಡೆಯ ಆಡುಮಾತಿನ ಗಿಡದ ಹೆಸರುಗಳು, ಬರೆದ ಊರು, ಕಾಲ ಎಲ್ಲ ಇವೆ. ಇದಕ್ಕೆ ಇನ್ನೊಂದು ಪ್ರತಿ ನನಗೆ ಎಲ್ಲೂ ಸಿಕ್ಕಿಲ್ಲ. ಆದರೆ ಗದ್ಯವಾದ್ದರಿಂದ ಇಲ್ಲಿ ಹುಳ ತಿಂದದ್ದು ತಿಂದದ್ದೇ. "ಮೆಣಸು" ಎಂಬ ಮಾತಿನ ಮುಂದಿನ ತೂಕಕ್ಕೆ ತೂತು ಬಿದ್ದಿದ್ದರೆ ಯಾವ ಛಂದಸ್ಸೂ ಅದನ್ನು ತುಂಬಿಕೊಡುವುದಿಲ್ಲ. ಅದಕ್ಕೇ ನಾನು ಹಾಳಾದ ಗರಿ ಎಷ್ಟು ಎಂದು ಎಣಿಸದೆ, ಎಷ್ಟು ಮದ್ದುಗಳ ಪಾಠ ಪೂರ್ತಿ ಉಳಿದಿದೆ ಎಂದು ಎಣಿಸಿದೆ. ಹುಳ ಹೆಚ್ಚಾಗಿ ಅಂಚನ್ನೂ ರಂಧ್ರದ ಸುತ್ತ ಬಿಟ್ಟ ಖಾಲಿ ಜಾಗವನ್ನೂ ತಿಂದಿತ್ತು. ನಾಲ್ಕರಲ್ಲಿ ಮೂರು ಪಾಲು ಮದ್ದುಗಳನ್ನು ತಡೆಯಿಲ್ಲದೆ ಓದಬಹುದಿತ್ತು. ಈ ಲೆಕ್ಕವನ್ನು ಫೋಟೋ ಸಮೇತ ಬರೆದುಕೊಟ್ಟ ಮೇಲೆ ರಾಜ್ಯದೊಳಗಿನ ಒಂದು ಖಾಸಗಿ ಗ್ರಂಥಭಂಡಾರ ತೆಗೆದುಕೊಂಡಿತು. ಎಪ್ಪತ್ತೈದು ವರ್ಷ ದಾಟಿದ ಇಂಥ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ, ಖಾಸಗಿಯವರು ದೇಶದಾಚೆಗೆ ಮಾರುವಂತಿಲ್ಲ. ಹೊರಗಿನ ಬೆಲೆ ತೋರಿಸಿ ಆಸೆ ಹುಟ್ಟಿಸುವವರನ್ನು ಹತ್ತಿರ ಸೇರಿಸಬೇಡಿ.

ಹುಳ ಬಾರದಿರಲಿ, ಗರಿ ಬಿರುಸಾಗದಿರಲಿ ಎಂದು ಸವರುವ ಲೆಮನ್‌ಗ್ರಾಸ್ ಎಣ್ಣೆಯನ್ನು ಯಾವಾಗ ಸವರಿದೆ ಎಂದು ಕೆಲವರು ಕೇಳಿದ್ದಾರೆ. ತೂತುಗಳ ನಕ್ಷೆ, ಬದಿಬೆಳಕಿನ ಫೋಟೋ ಎರಡೂ ಮುಗಿದ ಮೇಲೆ. ಮೊದಲೇ ಸವರಿದರೆ ಗೀರಿನೊಳಗಿನ ಮಸಿ ಹರಡಬಹುದು, ಅಂಚಿನ ಹೊಗೆಯ ಗುರುತೂ ಅಳಿಸುತ್ತದೆ, ಕಟ್ಟು ಎಲ್ಲಿತ್ತು ಎಂಬುದರ ಸಾಕ್ಷಿಯನ್ನು ನಮ್ಮ ಕೈಯಾರೆ ಒರೆಸಿದಂತಾಗುತ್ತದೆ.

ವೈದ್ಯದ ಕಟ್ಟಿನ ನಡುವೆ ಏಳೆಂಟು ಗರಿ ಇಲ್ಲ. ಎರಡು ದೊಡ್ಡ ಸುರಂಗಗಳು ಅಲ್ಲಿ ಒಂದು ಕಡೆ ನಿಂತು, ಮುಂದೆ ಸ್ವಲ್ಪ ಸರಿದು ಮತ್ತೆ ಶುರುವಾಗುತ್ತವೆ. ಯಜಮಾನರ ದಾಯಾದಿಗಳ ಮನೆಯಲ್ಲಿ ಬಿಡಿಗರಿಗಳ ಒಂದು ಗಂಟಿದೆಯಂತೆ, ಮಹಾನವಮಿ ಪೂಜೆಗೆ ಮಾತ್ರ ಕೆಳಗಿಳಿಸುತ್ತಾರಂತೆ. ಆ ಎರಡು ತೂತುಗಳ ಹಾಳೆಯನ್ನು ಹಬ್ಬದ ದಿನ ಒಯ್ದು ಹಿಡಿದು ನೋಡುವುದಿದೆ.