ಗೆರೆ ಹೋಯಿತು, ಹುಬ್ಬು ಇಳಿಯಿತು

ನಾನು ಚರ್ಮದ ಡಾಕ್ಟರ್. ಬೋಟಾಕ್ಸ್ ಕೊಡಲು ಶುರು ಮಾಡಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ.

ಬಂದವರು 58 ವರ್ಷದ ನಿವೃತ್ತ ಟೀಚರ್. ಮಗನ ಮದುವೆಗೆ ಮೂರು ವಾರವಿತ್ತು. "ಹಣೆ ಗೆರೆ ಹೋದ್ರೆ ಸಾಕು ಡಾಕ್ಟ್ರೇ" ಅಂದರು. ಹಣೆಗೆ 20 ಯೂನಿಟ್ ಕೊಟ್ಟೆ. ಹುಬ್ಬುಗಳ ನಡುವೆ ಚುಚ್ಚಲೇ ಇಲ್ಲ.

ಹತ್ತು ದಿನಕ್ಕೆ ಹಣೆ ನುಣುಪಾಗಿತ್ತು. ಆದರೆ ಅವರ ಮುಖದಲ್ಲಿ ಖುಷಿ ಇರಲಿಲ್ಲ. "ಕಣ್ಣ ಮೇಲೆ ಏನೋ ಭಾರ ಕೂತ ಹಾಗಿದೆ. ಬಸ್ಸಿನ ಬೋರ್ಡ್ ಓದೋಕೆ ಗದ್ದ ಎತ್ತಬೇಕು."

ಹುಬ್ಬನ್ನು ಮೇಲೆತ್ತುವ ಸ್ನಾಯು ಒಂದೇ, ಅದು ಹಣೆಯಲ್ಲಿದೆ. ಅದು ಎಳೆದಾಗಲೇ ಅಡ್ಡಗೆರೆ ಬೀಳುವುದು. ನರದಿಂದ ಅದಕ್ಕೆ ಬರುವ ಸೂಚನೆಯನ್ನು ಬೋಟಾಕ್ಸ್ ತಡೆಯುತ್ತದೆ. ಇವರ ಕಣ್ಣಿನ ಮೇಲಿನ ಚರ್ಮ ಸಡಿಲವಾಗಿತ್ತು. ಅದು ಕಣ್ಣಿಗೆ ಅಡ್ಡ ಬರಬಾರದೆಂದು ತಮಗೇ ಗೊತ್ತಿಲ್ಲದೆ ಇಡೀ ದಿನ ಹುಬ್ಬು ಏರಿಸಿಕೊಂಡೇ ಇರುತ್ತಿದ್ದರು. ಆ ಆಸರೆಯನ್ನೇ ನಾನು ತೆಗೆದಿದ್ದೆ. ಹುಬ್ಬುಗಳ ನಡುವೆ ಇದ್ದು ಅವನ್ನು ಕೆಳಗೆ ಎಳೆಯುವ ಸ್ನಾಯುಗಳು ಮಾತ್ರ ಹಾಗೇ ಕೆಲಸ ಮಾಡುತ್ತಿದ್ದವು.

ಇದನ್ನು ಇಳಿಸುವ ಮದ್ದಿಲ್ಲ, ಕಾಯಬೇಕು ಅಷ್ಟೇ. ಎರಡು ತಿಂಗಳ ಹೊತ್ತಿಗೆ ಸುಧಾರಿಸಿತು. ಮದುವೆ ಫೋಟೋಗಳಲ್ಲಿ ಮಾತ್ರ ಅವರು ನಿದ್ದೆಗಣ್ಣಲ್ಲೇ ಇದ್ದಾರೆ.

ಈಗ ಸಿರಿಂಜ್ ಹಿಡಿಯುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಕಣ್ಣು ಮುಚ್ಚಿ ಹಣೆ ಸಡಿಲ ಬಿಡಲು ಹೇಳುತ್ತೇನೆ. ಆಮೇಲೆ ಮೆಲ್ಲಗೆ ಕಣ್ಣು ತೆರೆಯಬೇಕು. ಜೊತೆಗೆ ಹುಬ್ಬೂ ಮೇಲೇರಿದರೆ ಹಣೆಗೆ ಚುಚ್ಚುವುದಿಲ್ಲ. ಅವರ ತೊಂದರೆ ಇರುವುದು ರೆಪ್ಪೆಯಲ್ಲಿ, ಕಣ್ಣಿನ ಡಾಕ್ಟರನ್ನು ನೋಡಲಿ. ಉಳಿದವರಿಗೂ ಮೊದಲ ಸಲ ಕಡಿಮೆ, 8ರಿಂದ 10 ಯೂನಿಟ್, ಹುಬ್ಬಿನಿಂದ ಎರಡು ಸೆಂಟಿಮೀಟರ್ ಮೇಲಕ್ಕೇ. ಹುಬ್ಬುಗಳ ನಡುವೆಯೂ ಕೊಡುತ್ತೇನೆ. ಎರಡು ವಾರದ ಬಳಿಕ ನೋಡಿ, ಬೇಕಾದರೆ ಸ್ವಲ್ಪ ಸೇರಿಸುತ್ತೇನೆ. ಅಷ್ಟರೊಳಗೆ ಪೂರ್ತಿ ಪರಿಣಾಮ ಗೊತ್ತಾಗುವುದಿಲ್ಲ.

ಇದು ಇರುವುದು ಮೂರ್ನಾಲ್ಕು ತಿಂಗಳು. ನರದ ತುದಿ ಮತ್ತೆ ಕೆಲಸ ಶುರು ಮಾಡಿದಂತೆ ಗೆರೆಯೂ ಮರಳುತ್ತದೆ. ಹುಬ್ಬು ಏರಿಸಿದಾಗ ಮಾತ್ರ ಕಾಣುವ ಗೆರೆ ಚೆನ್ನಾಗಿ ಹೋಗುತ್ತದೆ. ಸುಮ್ನೆ ಕೂತಾಗಲೂ ಕಾಣುವ ಆಳದ ಗೆರೆ ತಿಳಿಯಾಗಬಹುದು, ಅಷ್ಟೇ.

ಬಸುರಿಯರಿಗೆ, ಹಾಲೂಡಿಸುವವರಿಗೆ ಕೊಡುವುದಿಲ್ಲ. ಚುಚ್ಚುವ ಜಾಗದಲ್ಲಿ ಕೀವು, ಸೋಂಕು ಇದ್ದರೆ ವಾಸಿಯಾಗುವವರೆಗೆ ಮುಂದಕ್ಕೆ ಹಾಕುತ್ತೇನೆ. ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ಇಂಜೆಕ್ಷನ್ ನಡೆಯುತ್ತಿದ್ದರೂ ಅಷ್ಟೇ, ಅದು ಬೋಟಾಕ್ಸ್‌ನ ಪ್ರಭಾವವನ್ನು ಜಾಸ್ತಿ ಮಾಡಬಹುದು. ನನಗೆ ಎಲ್ಲಕ್ಕಿಂತ ಭಯ ಮಯಸ್ತೇನಿಯಾ ಗ್ರಾವಿಸ್‌ನದು. ಅದರಲ್ಲಿ ನರ-ಸ್ನಾಯುವಿನ ನಂಟು ಮೊದಲೇ ದುರ್ಬಲ. ಬೋಟಾಕ್ಸ್ ಬಿದ್ದರೆ ನುಂಗಲು, ಉಸಿರಾಡಲು ಕಷ್ಟವಾಗಬಹುದು. ಕಾಯಿಲೆಯ ಹೆಸರು ಹೇಳಿ ಕೇಳಿದರೆ ಬಹಳ ಮಂದಿ "ಇಲ್ಲ" ಅನ್ನುತ್ತಾರೆ, ಅವರಿಗೆ ಅದು ಗೊತ್ತೇ ಇರುವುದಿಲ್ಲ ಅಲ್ವಾ? ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ: "ಸಂಜೆ ಹೊತ್ತಿಗೆ ರೆಪ್ಪೆ ಜೋಲುತ್ತಾ? ಒಂದು ಎರಡಾಗಿ ಕಾಣುತ್ತಾ?" ಹೌದು ಅಂದರೆ ಮೊದಲು ನರರೋಗ ತಜ್ಞರ ಹತ್ತಿರ ಕಳಿಸುತ್ತೇನೆ.