ಪಾಲಿಸಿ ಮೇಲಿನ ಹೆಸರು ಯಾರದು? ಫಂಡ್, ವಿಮೆ ಕಂಪನಿಗಳ ಹಿಂದಿರುವವರನ್ನು ಹುಡುಕುವುದು ಹೀಗೆ

ಕಳೆದ ತಿಂಗಳು ಆಲೂರಿನಿಂದ ನಮ್ಮ ದೊಡ್ಡಪ್ಪನ ಮಗ ಹಾಸನದ ಮನೆಗೆ ಬಂದಿದ್ದರು. ಕಾಳುಮೆಣಸು ಮಾರಿದ ದುಡ್ಡು ಬ್ಯಾಂಕಿಗೆ ಹಾಕಿ ಹಾಗೇ ಬಂದವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರಲ್ಲಿ ಎರಡು ಕಾಗದ. ಒಂದು 2014ರಲ್ಲಿ ಮಾಡಿಸಿದ ಜೀವ ವಿಮೆ ಪಾಲಿಸಿ. ಅದರ ಮೇಲೆ "ಕೆನರಾ ಎಚ್‌ಎಸ್‌ಬಿಸಿ ಓರಿಯೆಂಟಲ್ ಬ್ಯಾಂಕ್ ಆಫ್ ಕಾಮರ್ಸ್ ಲೈಫ್ ಇನ್ಶೂರೆನ್ಸ್" ಎಂದು ಉದ್ದದ ಹೆಸರು. ಇನ್ನೊಂದು ಕೆನರಾ ರೊಬೆಕೊ ಮ್ಯೂಚುವಲ್ ಫಂಡಿನ ಸ್ಟೇಟ್‌ಮೆಂಟ್.

"ನೋಡು ತಮ್ಮ, ಈ ಓರಿಯೆಂಟಲ್ ಬ್ಯಾಂಕು ಈಗ ಇಲ್ವಂತೆ. ಹಾಗಾದ್ರೆ ನನ್ನ ಪಾಲಿಸಿಗೆ ಯಾರು ಹೊಣೆ? ಈ ರೊಬೆಕೊ ಅಂದ್ರೆ ಯಾರು?" ಎಂದು ಕೇಳಿದರು.

ಅವರ ಪ್ರಶ್ನೆ ಸರಿಯಾಗಿತ್ತು. ಅವತ್ತು ಇಬ್ಬರೂ ಕೂತು ಮೊಬೈಲಿನಲ್ಲೇ ಉತ್ತರ ಹುಡುಕಿದೆವು. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾವುದೇ ಫಂಡ್ ಅಥವಾ ವಿಮೆ ಕಂಪನಿಗೂ ಇದೇ ದಾರಿ ಹಿಡಿಯಬಹುದು.

ಮೊದಲು ಮಾರಿದವರನ್ನೂ ಮಾಲೀಕರನ್ನೂ ಬೇರೆ ಮಾಡಿ

ಪಾಲಿಸಿಯನ್ನು ಬ್ಯಾಂಕಿನ ಕೌಂಟರಿನಲ್ಲಿ ಕೊಟ್ಟರು ಎಂದರೆ ಅದು ಬ್ಯಾಂಕಿನದೇ ಕಂಪನಿ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಬ್ಯಾಂಕು "ಕಾರ್ಪೊರೇಟ್ ಏಜೆಂಟ್" ಆಗಿ ಒಂದಲ್ಲ, ಒಂಬತ್ತು ಜೀವ ವಿಮೆ ಕಂಪನಿಗಳ ಪಾಲಿಸಿ ಮಾರಬಹುದು. ಅವುಗಳಲ್ಲಿ ಒಂದರಲ್ಲೂ ಬ್ಯಾಂಕಿಗೆ ಪಾಲು ಇಲ್ಲದೆ ಇರಬಹುದು.

ತದ್ವಿರುದ್ಧವೂ ಉಂಟು. ಯೂನಿವರ್ಸಲ್ ಸೊಂಪೊ ಎಂಬ ಸಾಮಾನ್ಯ ವಿಮೆ ಕಂಪನಿಯ ಹೆಸರಿನಲ್ಲಿ ನಮ್ಮ ಮಂಗಳೂರಿನ ಕರ್ಣಾಟಕ ಬ್ಯಾಂಕಿನ ಸುಳಿವೇ ಇಲ್ಲ. ಆದರೆ ಅದನ್ನು ಕಟ್ಟಿದವರಲ್ಲಿ ಆ ಬ್ಯಾಂಕೂ ಒಂದು. ಹಾಗಾಗಿ ಹೆಸರು ನೋಡಿ ಊಹೆ ಮಾಡಬೇಡಿ. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಕಂಪನಿಯ ಪೂರ್ತಿ ಹೆಸರು, ವಿಮೆ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ನೋಂದಣಿ ಸಂಖ್ಯೆ ಇರುತ್ತವೆ. ಅವನ್ನು ಬರೆದಿಟ್ಟುಕೊಳ್ಳಿ. ಕಂಪನಿ ಹೆಸರು ಬದಲಾದರೂ ಆ ಸಂಖ್ಯೆ ಸಾಮಾನ್ಯವಾಗಿ ಅದೇ ಉಳಿಯುತ್ತದೆ. ಅಣ್ಣನ ಹಳೇ ಪಾಲಿಸಿಯಲ್ಲಿದ್ದದ್ದು 136. ಇವತ್ತಿನ ಕೆನರಾ ಎಚ್‌ಎಸ್‌ಬಿಸಿ ಲೈಫ್ ಇನ್ಶೂರೆನ್ಸಿನ ಸಂಖ್ಯೆಯೂ 136. ಕಂಪನಿ ಅದೇ, ಹೆಸರು ಮಾತ್ರ 2022ರಲ್ಲಿ ಮೊಟಕಾಗಿದೆ ಎಂದು ಅಷ್ಟರಿಂದಲೇ ತಿಳಿಯಿತು.

ವಿಮೆ ಕಂಪನಿಯಾದರೆ L-9A ತೆಗೆಯಿರಿ

ಪ್ರತಿ ವಿಮೆ ಕಂಪನಿಯೂ ಮೂರು ತಿಂಗಳಿಗೊಮ್ಮೆ ತನ್ನ ಲೆಕ್ಕವನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ಸೈಟಿನ ತೀರಾ ಕೆಳಗೆ Public Disclosures ಎಂಬ ಸಾಲು ಇರುತ್ತದೆ. ಅದನ್ನು ಒತ್ತಿ ಇತ್ತೀಚಿನ ತ್ರೈಮಾಸಿಕದ ಫೈಲ್ ತೆಗೆಯಿರಿ. ಉದ್ದದ ಫೈಲು, ನಲವತ್ತಕ್ಕೂ ಜಾಸ್ತಿ ನಮೂನೆಗಳಿರುತ್ತವೆ. ಹೆದರಬೇಡಿ, ನಮಗೆ ಬೇಕಾದದ್ದು ಒಂದೇ.

ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ಕಣ್ಣಿಗೆ ಬೀಳುವುದು L-9. ಅದರಲ್ಲಿ ಭಾರತೀಯ ಪ್ರವರ್ತಕರು ಇಷ್ಟು, ವಿದೇಶಿ ಪ್ರವರ್ತಕರು ಇಷ್ಟು ಎಂದು ಮೊತ್ತ ಮಾತ್ರ ಇರುತ್ತದೆ. ಹೆಸರು ಬೇಕಾದರೆ ಅದರ ಮುಂದಿನ L-9A ನೋಡಬೇಕು. ಬೈಕ್, ಕಾರು, ಆರೋಗ್ಯ ವಿಮೆ ಮಾರುವ ಕಂಪನಿಯಾದರೆ ಅದೇ ನಮೂನೆಗೆ NL-9A ಎಂದು ಹೆಸರು.

ಕೆನರಾ ಎಚ್‌ಎಸ್‌ಬಿಸಿ ಲೈಫಿನ ಕತೆ ಈ ಪುಟದಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ. 2008ರಲ್ಲಿ ಶುರುವಾದಾಗ ಕೆನರಾ ಬ್ಯಾಂಕಿಗೆ ಶೇ 51, ಎಚ್‌ಎಸ್‌ಬಿಸಿಗೆ ಶೇ 26, ಓರಿಯೆಂಟಲ್ ಬ್ಯಾಂಕಿಗೆ ಶೇ 23 ಪಾಲಿತ್ತು. ಆ 26 ಸುಮ್ನೆ ಬಂದ ಅಂಕಿಯಲ್ಲ. ವಿಮೆಯಲ್ಲಿ ವಿದೇಶಿಯರಿಗೆ ಆಗ ಕಾನೂನು ಕೊಟ್ಟಿದ್ದ ಗರಿಷ್ಠ ಮಿತಿಯೇ ಅಷ್ಟು. ಆ ಮಿತಿ 2015ರಲ್ಲಿ 49ಕ್ಕೆ, 2021ರಲ್ಲಿ 74ಕ್ಕೆ ಏರಿತು. ಹಳೆಯ ಜಂಟಿ ಕಂಪನಿಗಳಲ್ಲಿ 26 ಅಥವಾ 49 ಕಂಡರೆ, ಅದು ಆ ಕಾಲದ ಕಾನೂನಿನ ಗುರುತು ಇರಬಹುದು.

2020ರ ಏಪ್ರಿಲ್ 1ರಂದು ಓರಿಯೆಂಟಲ್ ಬ್ಯಾಂಕು ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಶೇ 23 ಪಾಲು ಎಲ್ಲೂ ಕಳೆದುಹೋಗಲಿಲ್ಲ, ನೇರವಾಗಿ ಪಿಎನ್‌ಬಿಗೆ ಹೋಯಿತು. ಅಂದರೆ ಹೆಸರಿನಲ್ಲಿ ಎಲ್ಲೂ ಇಲ್ಲದ ಪಿಎನ್‌ಬಿ ಅಂದಿನಿಂದ ಈ ಕಂಪನಿಯ ಪಾಲುದಾರ.

2025ರ ಅಕ್ಟೋಬರಿನಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು. ಮೂವರೂ ಸೇರಿ ಶೇ 25ರಷ್ಟು ಪಾಲನ್ನು ಜನರಿಗೆ ಮಾರಿದರು. ಕೆನರಾ 14.5, ಪಿಎನ್‌ಬಿ 10, ಎಚ್‌ಎಸ್‌ಬಿಸಿ ಶೇ 0.5 ಮಾತ್ರ. ಆ ಮಾರಾಟ ಮುಗಿದಾಗ ಉಳಿದದ್ದು ಕೆನರಾಗೆ 36.5, ಎಚ್‌ಎಸ್‌ಬಿಸಿಗೆ 25.5, ಪಿಎನ್‌ಬಿಗೆ 13. ಮೊದಲ ಎರಡು ಪ್ರವರ್ತಕರು, ಪಿಎನ್‌ಬಿ ಬರೀ ಹೂಡಿಕೆದಾರ. ಈ ವ್ಯತ್ಯಾಸವನ್ನು ಗಮನಿಸಿ. ಪಾಲು ಇದ್ದವರೆಲ್ಲ ಪ್ರವರ್ತಕರಲ್ಲ. ಕಂಪನಿಯನ್ನು ನಡೆಸುವ ಹೊಣೆ ಹೊತ್ತವರು ಪ್ರವರ್ತಕರು.

ಅಲ್ಲಿಂದ ಒಂದು ಮೆಟ್ಟಿಲು ಮೇಲಕ್ಕೆ

ಹೆಸರು ಸಿಕ್ಕಿತು ಎಂದು ಅಲ್ಲೇ ನಿಲ್ಲಬೇಡಿ. L-9Aದಲ್ಲಿ ಎರಡನೇ ಭಾಗ ಒಂದಿದೆ. ಭಾರತೀಯ ಪ್ರವರ್ತಕ ಕಂಪನಿಯ ಷೇರು ಯಾರ ಕೈಯಲ್ಲಿದೆ ಎಂಬುದನ್ನು ಅದೇ ಹೇಳುತ್ತದೆ. ಕೆನರಾ ಬ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕೇಂದ್ರ ಸರ್ಕಾರದ್ದು ಎಂದು ಅಲ್ಲೇ ಗೊತ್ತಾಗುತ್ತದೆ. ಆ ಕಡೆಯ ಹುಡುಕಾಟ ಅಲ್ಲಿಗೆ ಮುಗಿಯಿತು.

ವಿದೇಶಿ ಪಾಲುದಾರರಿಗೆ ಈ ಅನುಕೂಲ ಇಲ್ಲ. ಪುಟದಲ್ಲಿರುವುದು "ಎಚ್‌ಎಸ್‌ಬಿಸಿ ಇನ್ಶೂರೆನ್ಸ್ (ಏಷ್ಯಾ-ಪೆಸಿಫಿಕ್) ಹೋಲ್ಡಿಂಗ್ಸ್" ಎಂಬ ಹಾಂಗ್‌ಕಾಂಗ್ ಕಂಪನಿ. ಷೇರು ಇಟ್ಟುಕೊಳ್ಳಲೆಂದೇ ಮಾಡಿಕೊಂಡ ಇಂಥ ಹೋಲ್ಡಿಂಗ್ ಕಂಪನಿಯ ಮೇಲೆ ಯಾರಿದ್ದಾರೆ ಎಂದು ನಾವೇ ನೋಡಬೇಕು. ಅದಕ್ಕೆ ಮೂಲ ಗುಂಪಿನ ವಾರ್ಷಿಕ ವರದಿ ಬೇಕು. ಇಲ್ಲಿ ಅದು ಲಂಡನ್ನಿನ ಎಚ್‌ಎಸ್‌ಬಿಸಿ ಹೋಲ್ಡಿಂಗ್ಸ್. ಸರ್ಕಾರವೋ, ಷೇರುಪೇಟೆಯಲ್ಲಿರುವ ಕಂಪನಿಯೋ, ಒಂದು ಕುಟುಂಬವೋ ಸಿಗುವವರೆಗೆ ಹತ್ತುತ್ತಾ ಹೋಗಿ. ಅಲ್ಲಿ ನಿಲ್ಲಿಸಬಹುದು.

ಮ್ಯೂಚುವಲ್ ಫಂಡ್ ಆದರೆ ಕಾಗದ ಬೇರೆ

ಫಂಡುಗಳಿಗೆ L-9A ಇಲ್ಲ. ಅಲ್ಲಿ ಹುಡುಕಬೇಕಾದದ್ದು Statement of Additional Information, ಚಿಕ್ಕದಾಗಿ SAI. ಫಂಡಿನ ಸೈಟಿನ ಡೌನ್‌ಲೋಡ್ ವಿಭಾಗದಲ್ಲಿ ಸಿಗುತ್ತದೆ. ಏಜೆಂಟರು ಕೊಡುವ ಯೋಜನೆಯ ಪುಸ್ತಕದಲ್ಲಿ ಒಂದೇ ಯೋಜನೆಯ ವಿವರ ಇರುತ್ತದೆ. SAIನಲ್ಲಿ ಇಡೀ ಸಂಸ್ಥೆಯ ವಿವರ ಇರುತ್ತದೆ. ಶುರುವಿನಲ್ಲೇ ಫಂಡನ್ನು ಕಟ್ಟಿದ ಸ್ಪಾನ್ಸರ್ ಯಾರು, ಟ್ರಸ್ಟಿ ಯಾರು, ಹಣ ನಿರ್ವಹಿಸುವ ಎಎಂಸಿ ಯಾವುದು ಎಂದು ಬರೆದಿರುತ್ತಾರೆ. ಸ್ಪಾನ್ಸರ್‌ನ ಮೂರು ವರ್ಷದ ಆದಾಯ, ಲಾಭದ ಲೆಕ್ಕವೂ ಅಲ್ಲೇ ಇರುತ್ತದೆ.

ಸೆಬಿ ನಿಯಮದಲ್ಲಿ ಒಂದು ಗೆರೆ ಇದೆ. ಎಎಂಸಿಯ ನಿವ್ವಳ ಸಂಪತ್ತಿನಲ್ಲಿ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇಟ್ಟವರನ್ನು ಸ್ಪಾನ್ಸರ್ ಎಂದೇ ಎಣಿಸುತ್ತಾರೆ. ಹಾಗೆಂದು 40ಕ್ಕಿಂತ ಕೆಳಗೆ ಇಳಿದ ತಕ್ಷಣ ಹೆಸರು ತಾನಾಗಿ ಬಿದ್ದುಹೋಗುವುದಿಲ್ಲ. ಶೇಕಡಾವಾರು ನೋಡಿ ನಾವೇ ತೀರ್ಮಾನ ಮಾಡುವುದಕ್ಕಿಂತ SAI ಏನು ಹೇಳುತ್ತದೆ ಎಂದು ನೋಡುವುದೇ ಸರಿ.

ಈಗ ಅಣ್ಣ ಕೇಳಿದ ರೊಬೆಕೊ. ಈ ಫಂಡ್ 1987ರಲ್ಲಿ ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್ ಎಂದು ಹುಟ್ಟಿತು. 2007ರಲ್ಲಿ ನೆದರ್‌ಲ್ಯಾಂಡ್ಸಿನ ರೊಬೆಕೊ ಶೇ 49 ಪಾಲು ಕೊಂಡಿತು, ಹೆಸರು ಕೆನರಾ ರೊಬೆಕೊ ಆಯಿತು. ರೊಬೆಕೊ ಅಂದರೆ ರಾಟರ್‌ಡ್ಯಾಮಿನ ಹಳೆಯ ಹೂಡಿಕೆ ಸಂಸ್ಥೆ, 1929ರದ್ದು. 2013ರಲ್ಲಿ ರೊಬೆಕೊವನ್ನೇ ಜಪಾನಿನ ಓರಿಕ್ಸ್ ಕೊಂಡಿತು. ಕೆನರಾ ಜೊತೆ ಪಾಲು ಹೊಂದಿದ್ದ ಡಚ್ ಕಂಪನಿ 2018ರಲ್ಲಿ ತನ್ನ ಹೆಸರನ್ನು "ಓರಿಕ್ಸ್ ಕಾರ್ಪೊರೇಷನ್ ಯುರೋಪ್" ಎಂದು ಬದಲಿಸಿಕೊಂಡಿತು. ಹೀಗಾಗಿ ಸ್ಟೇಟ್‌ಮೆಂಟಿನಲ್ಲಿ ರೊಬೆಕೊ, ಷೇರು ಪಟ್ಟಿಯಲ್ಲಿ ಓರಿಕ್ಸ್ ಯುರೋಪ್, ತುದಿಯಲ್ಲಿ ಟೋಕಿಯೋದ ಓರಿಕ್ಸ್.

ಈ ಎಎಂಸಿಯೂ 2025ರ ಅಕ್ಟೋಬರಿನಲ್ಲೇ ಷೇರುಪೇಟೆಗೆ ಬಂತು. ಕೆನರಾ ಸುಮಾರು 13, ಓರಿಕ್ಸ್ ಸುಮಾರು 12 ಭಾಗ ಮಾರಿದವು. ಉಳಿದದ್ದು ಹತ್ತಿರಹತ್ತಿರ 38 ಮತ್ತು 37. ಷೇರುಪೇಟೆಗೆ ಬಂದ ಕಂಪನಿಯಾದರೆ ಇನ್ನೊಂದು ಸುಲಭದ ದಾರಿ ಉಂಟು. ಬಿಎಸ್‌ಇ ಅಥವಾ ಎನ್‌ಎಸ್‌ಇ ಸೈಟಿನಲ್ಲಿ ಕಂಪನಿ ಹೆಸರು ಹಾಕಿ Shareholding Pattern ಒತ್ತಿ. ಪ್ರತಿ ತ್ರೈಮಾಸಿಕದ ಪಟ್ಟಿ ಸಿಗುತ್ತದೆ. ಎರಡು ತ್ರೈಮಾಸಿಕದ್ದನ್ನು ಪಕ್ಕಪಕ್ಕ ಇಟ್ಟರೆ ಯಾರು ಪಾಲು ಇಳಿಸುತ್ತಿದ್ದಾರೆ ಎಂದು ಕಾಣುತ್ತದೆ.

ಹೆಸರು ಸಿಕ್ಕಿತು, ಹೊಣೆ ಎಷ್ಟು?

ಅಣ್ಣನಿಗೆ ನಿಜವಾಗಿ ಬೇಕಿದ್ದದ್ದು ಈ ಉತ್ತರ. SAIನಲ್ಲಿ, ಯೋಜನೆಯ ಪುಸ್ತಕದಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ. ಫಂಡ್ ಕಟ್ಟುವಾಗ ಹಾಕಿದ ಆರಂಭದ ಮೊತ್ತ ಬಿಟ್ಟು ಯೋಜನೆಯ ನಷ್ಟಕ್ಕೆ ಸ್ಪಾನ್ಸರ್ ಹೊಣೆಯಲ್ಲ ಎನ್ನುತ್ತದೆ ಅದು. ಆ ಮೊತ್ತವನ್ನೂ ಅಲ್ಲೇ ಬರೆದಿರುತ್ತಾರೆ, ಓದಿ ನೋಡಿ. ತುಂಬಾ ಚಿಕ್ಕದು. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮಾ ರಕ್ಷಣೆ ಫಂಡಿಗೆ ಇಲ್ಲ, ಫಂಡಿನ ಹೆಸರಿನಲ್ಲಿ ಬ್ಯಾಂಕಿನ ಹೆಸರಿದ್ದರೂ ಇಲ್ಲ.

ಇನ್ನೊಂದು ಮಗ್ಗುಲು ಸಮಾಧಾನದ್ದು. ಹೂಡಿಕೆದಾರರ ಹಣ ಸ್ಪಾನ್ಸರ್‌ನ ಖಾತೆಯಲ್ಲಿ ಇರುವುದಿಲ್ಲ. ಅದು ಟ್ರಸ್ಟಿನದು. ಷೇರು, ಬಾಂಡುಗಳು ಅವನ್ನು ಕಾಪಾಡಿಡುವ ಕಸ್ಟೋಡಿಯನ್ ಸಂಸ್ಥೆಯ ಬಳಿ ಇರುತ್ತವೆ. ನಾಳೆ ಓರಿಕ್ಸ್ ತನ್ನ ಪಾಲನ್ನು ಬೇರೆಯವರಿಗೆ ಮಾರಿದರೂ ಅಣ್ಣನ ಯೂನಿಟ್ಟುಗಳು ಹಾಗೇ ಇರುತ್ತವೆ. ಎಎಂಸಿಯ ಹಿಡಿತವೇ ಕೈ ಬದಲಾದರೆ ಹೂಡಿಕೆದಾರರಿಗೆ ಪತ್ರ ಬರಬೇಕು. ನಿಗದಿತ ಅವಧಿಯಲ್ಲಿ ಎಕ್ಸಿಟ್ ಲೋಡ್ ಎಂಬ ಶುಲ್ಕ ಇಲ್ಲದೆ ಹೊರಬರಲು ಅವಕಾಶ ಕೊಡಬೇಕು.

ವಿಮೆಯಲ್ಲಿ ಅಂಥ ಬಾಗಿಲು ಇಲ್ಲ. ಪಾಲಿಸಿ ಎಂದರೆ ಕಂಪನಿ ಜೊತೆ ಮಾಡಿಕೊಂಡ ಕರಾರು. ಪಾಲುದಾರರು ಬದಲಾದರೂ ಕರಾರು ನಡೆಯುತ್ತದೆ. ಕ್ಲೇಮು ಕೊಡಬೇಕಾದದ್ದು ಕಂಪನಿಯೇ. ಕೆನರಾ ಬ್ಯಾಂಕಾಗಲಿ ಪಿಎನ್‌ಬಿಯಾಗಲಿ ತಮ್ಮ ಕೈಯಿಂದ ಕೊಡುವುದಿಲ್ಲ. ಆದ್ದರಿಂದ L-9A ಜೊತೆಗೆ ಅದೇ ಫೈಲಿನಲ್ಲಿ, ಕ್ಲೇಮು ಕೊಡಲು ಕಂಪನಿಗೆ ಎಷ್ಟು ಶಕ್ತಿ ಇದೆ ಎಂದು ತೋರಿಸುವ ಸಾಲ್ವೆನ್ಸಿ ಅನುಪಾತವನ್ನೂ ನೋಡಿ. ಕನಿಷ್ಠ 1.5 ಇರಬೇಕು ಎಂಬುದು ನಿಯಮ. ಆ ಅಂಕಿ ಪ್ರತಿ ತ್ರೈಮಾಸಿಕ ಇಳಿಯುತ್ತಾ 1.5ರ ಹತ್ತಿರ ಬರುತ್ತಿದ್ದರೆ, ಪಾಲುದಾರರು ಹೊಸ ಬಂಡವಾಳ ಹಾಕಬೇಕಾದ ಹೊತ್ತು ಬಂತು ಎಂದರ್ಥ. ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆಗೆ ತೂಕ ಬರುವುದು ಆಗ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು ಸ್ಟೇಟ್‌ಮೆಂಟನ್ನು ಮತ್ತೆ ಕೈಗೆ ತೆಗೆದುಕೊಂಡರು. "ಪತ್ರ ಬರ್ಬೇಕು ಅಂದ್ಯಲ್ಲ, ಇದರಲ್ಲಿ ಇನ್ನೂ ನಮ್ಮ ಹಳೇ ಮನೆ ವಿಳಾಸ ಇದೆ" ಎಂದರು. ಇಮೇಲ್ ಜಾಗವೂ ಖಾಲಿ ಇತ್ತು. ಪಾಲಿಸಿಯಲ್ಲೂ ಅದೇ ವಿಳಾಸ. ಆವತ್ತು ಸಂಜೆ ಬಸ್ಸು ಹತ್ತುವ ಮೊದಲು ಎರಡಕ್ಕೂ ವಿಳಾಸ ಬದಲಾವಣೆ ಅರ್ಜಿ ತುಂಬಿದೆವು.